ಬೀಮಿನ ರಿಯಾಕ್ಷನ್: ಉತ್ತರವನ್ನು ತಾಳೆ ನೋಡುವ ಬಗೆ

ಎರಡು ಆಧಾರಗಳ ಮೇಲೆ ಕೂತ ಬೀಮಿಗೆ ಭಾರ ಬಿದ್ದಾಗ ಆಧಾರಗಳು ಅದನ್ನು ಕೆಳಗಿನಿಂದ ಒತ್ತಿ ಹಿಡಿಯುತ್ತವೆ. ಈ ಒತ್ತುಬಲವೇ ಆಧಾರ ಪ್ರತಿಕ್ರಿಯೆ. ತರಗತಿಯಲ್ಲೂ ಸೈಟಿನಲ್ಲೂ ಎಲ್ಲರೂ ಹೇಳುವುದು ರಿಯಾಕ್ಷನ್ ಎಂದೇ. ಬೀಮಿನ ಲೆಕ್ಕದಲ್ಲಿ ಕೈಗೆ ಬರುವ ಮೊದಲ ಉತ್ತರ ಇದು. ಶಿಯರ್ ಫೋರ್ಸ್ ಮತ್ತು ಬೆಂಡಿಂಗ್ ಮೊಮೆಂಟಿನ ಚಿತ್ರಗಳು, ಅವುಗಳಿಂದ ಹೊರಡುವ ಕಂಬಿಯ ಲೆಕ್ಕ, ಕಾಲಮ್ಮಿಗೆ ಇಳಿಯುವ ಭಾರ, ಅದರ ಕೆಳಗಿನ ಫುಟಿಂಗಿನ ಅಳತೆ ಎಲ್ಲವೂ ಈ ಒಂದೆರಡು ಅಂಕಿಗಳ ಮೇಲೆ ನಿಂತಿರುತ್ತವೆ. ಇಲ್ಲಿ ತಪ್ಪಿದರೆ ಮುಂದಿನ ಹತ್ತು ಪುಟದ ಲೆಕ್ಕವನ್ನು ಎಷ್ಟೇ ಚೊಕ್ಕವಾಗಿ ಮಾಡಿದರೂ ಉತ್ತರ ತಪ್ಪಾಗಿಯೇ ಬರುತ್ತದೆ.

ತಾಳೆ ನೋಡುವುದಕ್ಕೆ ಇರುವ ಆಧಾರ ಎರಡೇ ಮಾತು. ಬೀಮು ಅಲುಗಾಡದೆ ನಿಂತಿದೆ ಎಂದರೆ ಕೆಳಮುಖ ಬಲಗಳ ಮೊತ್ತವೂ ಮೇಲ್ಮುಖ ಬಲಗಳ ಮೊತ್ತವೂ ಸಮವಾಗಿರಬೇಕು. ಅದು ತಿರುಗುತ್ತಲೂ ಇಲ್ಲ ಎಂದರೆ, ಯಾವುದೇ ಬಿಂದುವನ್ನು ಹಿಡಿದು ನೋಡಿದರೂ ಪ್ರದಕ್ಷಿಣವಾಗಿ ತಿರುಗಿಸುವ ಮೊಮೆಂಟುಗಳ ಮೊತ್ತ ಅಪ್ರದಕ್ಷಿಣವಾಗಿ ತಿರುಗಿಸುವವುಗಳ ಮೊತ್ತಕ್ಕೆ ಸಮವಾಗಿರಬೇಕು. ಮೊಮೆಂಟ್ ಎಂದರೆ ಬಲ ಮತ್ತು ಆ ಬಿಂದುವಿನಿಂದ ಬಲದ ರೇಖೆಗಿರುವ ಲಂಬ ದೂರ ಇವೆರಡರ ಗುಣಲಬ್ಧ. ಓರೆಯಾದ ಭಾರವಿದ್ದರೆ ಅಡ್ಡ ದಿಕ್ಕಿನ ಸಮತೋಲವೊಂದು ಮೂರನೆಯದಾಗಿ ಸೇರುತ್ತದೆ. ಭಾರಗಳೆಲ್ಲ ನೇರ ಕೆಳಕ್ಕೆ ಇರುವಲ್ಲಿ ಅದರ ಗೊಡವೆ ಇಲ್ಲ.

ನಿಯಮಗಳು ಇಷ್ಟು ಸರಳವಾಗಿದ್ದರೂ ಅವನ್ನು ಬಳಸಿ ನೋಡುವ ತಾಳೆ ಬಹಳ ಸಲ ಟೊಳ್ಳಾಗಿರುತ್ತದೆ. ಉತ್ತರ ತಪ್ಪಿದ್ದಾಗಲೂ ‘ಸರಿ’ ಎಂದುಬಿಡುವ ತಾಳೆಗಳುಂಟು. ಅದು ಹೇಗೆಂಬುದನ್ನು ಒಂದೇ ಬೀಮನ್ನು ಕೊನೆಯವರೆಗೂ ಹಿಡಿದು ನೋಡಬಹುದು.

ಬೀಮಿನ ಉದ್ದ 8 ಮೀಟರ್. ಎಡತುದಿ ಎ ಎಂಬಲ್ಲಿ ಪಿನ್ ಆಧಾರ. ಅಲ್ಲಿಂದ 6 ಮೀಟರ್ ದೂರದ ಬಿ ಎಂಬಲ್ಲಿ ರೋಲರ್ ಆಧಾರ. ಉಳಿದ 2 ಮೀಟರ್ ಬಲಕ್ಕೆ ಚಾಚಿಕೊಂಡಿದೆ. ಅದರ ತುದಿ ಸಿ. ಎ ಇಂದ ಮೊದಲ 4 ಮೀಟರ್ ಉದ್ದಕ್ಕೆ ಮೀಟರಿಗೆ 12 ಕಿಲೋನ್ಯೂಟನ್‌ನಂತೆ ಸಮವಾಗಿ ಹರಡಿದ ಭಾರವಿದೆ, ಅಂದರೆ ಯುಡಿಎಲ್. ಸಿ ತುದಿಯಲ್ಲಿ 18 ಕಿಲೋನ್ಯೂಟನ್‌ನ ಬಿಂದುಭಾರ. ಇವಲ್ಲದೆ ಎ ಇಂದ 5 ಮೀಟರ್ ದೂರದಲ್ಲಿ 30 ಕಿಲೋನ್ಯೂಟನ್-ಮೀಟರ್‌ನ ಬಲಯುಗ್ಮವೊಂದು ಬೀಮನ್ನು ಪ್ರದಕ್ಷಿಣವಾಗಿ ತಿರುಚುತ್ತಿದೆ.

ಯುಡಿಎಲ್‌ನ ಒಟ್ಟು ಭಾರ 12 × 4 = 48 ಕಿಲೋನ್ಯೂಟನ್. ಅದು ತಾನು ಹರಡಿದ ಉದ್ದದ ನಡುವೆ, ಎ ಇಂದ 2 ಮೀಟರ್‌ನಲ್ಲಿ ಕೂತಂತೆ ಲೆಕ್ಕ. ಎ ಸುತ್ತ ಮೊಮೆಂಟ್ ತೆಗೆದರೆ ಭಾರಗಳೆಲ್ಲವೂ ಪ್ರದಕ್ಷಿಣ: 48 × 2 = 96, 18 × 8 = 144, ಬಲಯುಗ್ಮದ 30; ಒಟ್ಟು 270. ಇದನ್ನು ಎದುರಿಸುವುದು ಬಿ ಆಧಾರ ಮಾತ್ರ, ಅದೂ 6 ಮೀಟರ್ ದೂರದಿಂದ. ಆದ್ದರಿಂದ ಬಿ ಯ ರಿಯಾಕ್ಷನ್ 270 ÷ 6 = 45 ಕಿಲೋನ್ಯೂಟನ್. ಕೆಳಮುಖ ಭಾರದ ಮೊತ್ತ 48 + 18 = 66. ಅದರಲ್ಲಿ 45 ಕಳೆದರೆ ಎ ಯ ರಿಯಾಕ್ಷನ್ 21 ಕಿಲೋನ್ಯೂಟನ್. ಬಲಯುಗ್ಮ ಈ ಮೊತ್ತಕ್ಕೆ ಸೇರಿಲ್ಲ. ಅದಕ್ಕೆ ತಿರುಚುವ ಗುಣವಷ್ಟೇ ಇದೆ, ಒತ್ತುವ ಗುಣವಿಲ್ಲ.

ಉತ್ತರಪತ್ರಿಕೆಗಳಲ್ಲಿ ಇದರ ಕೆಳಗೆ ಸಾಮಾನ್ಯವಾಗಿ ಕಾಣುವ ಸಾಲು: 21 + 45 = 66, ತಾಳೆಯಾಯಿತು. ಇದು ತಾಳೆಯಲ್ಲ. 21 ಬಂದದ್ದೇ 66ರಲ್ಲಿ 45 ಕಳೆದು. ಕಳೆದದ್ದನ್ನು ಮತ್ತೆ ಕೂಡಿದರೆ 66 ಬಾರದೆ ಇನ್ನೇನು ಬಂದೀತು? ಬಿ ಯ ರಿಯಾಕ್ಷನ್ 61 ಎಂದು ತಪ್ಪಿ ಬಂದಿದ್ದರೂ ಎ ಯದು 5 ಎಂದಾಗಿ ಮೊತ್ತ 66 ಆಗಿಯೇ ಇರುತ್ತಿತ್ತು. ಈ ಸಾಲಿನಿಂದ ಗೊತ್ತಾಗುವುದು ಕಳೆಯುವ ಲೆಕ್ಕ ತಪ್ಪಿಲ್ಲ ಎಂಬುದಷ್ಟೇ. ಉತ್ತರ ಹುಡುಕಲು ಬಳಸಿದ ಸಮೀಕರಣವನ್ನೇ ಅದೇ ಅಂಕಿಗಳೊಂದಿಗೆ ಮತ್ತೆ ಬರೆದರೆ ಅದು ನಕಲು, ಪರೀಕ್ಷೆ ಅಲ್ಲ. ಅದೇ ರೀತಿ ಎ ಸುತ್ತ ಮತ್ತೆ ಮೊಮೆಂಟ್ ತೆಗೆದರೂ ಹೊಸದೇನೂ ಸಿಗುವುದಿಲ್ಲ.

ಹಾಗಾದರೆ ಬಳಸದ ಬಿಂದುವೊಂದು ಬೇಕು. ಬಿ ಸುತ್ತ ತೆಗೆದರೆ ಬಿ ಯ ರಿಯಾಕ್ಷನ್‌ಗೆ ದೂರವೇ ಇಲ್ಲ, ಅದು ಲೆಕ್ಕದಿಂದ ಮಾಯ. ಸಿ ಸುತ್ತ ತೆಗೆದರೆ 18ರ ಬಿಂದುಭಾರ ಮಾಯ. ಯಾವ ಬಲವೂ ತಪ್ಪಿಸಿಕೊಳ್ಳದ ಜಾಗ ಒಳ್ಳೆಯದು. ಇಲ್ಲಿ ಯುಡಿಎಲ್ ಮುಗಿಯುವ 4 ಮೀಟರ್‌ನ ಬಿಂದು ಅಂಥದ್ದು. ಅದರ ಸುತ್ತ, ದೂರಗಳನ್ನು ಹಳೆಯ ಸಾಲಿನಿಂದ ಎತ್ತಿಕೊಳ್ಳದೆ ಚಿತ್ರದಿಂದಲೇ ಹೊಸದಾಗಿ ಓದಿಕೊಂಡರೆ ಲೆಕ್ಕ ಹೀಗಾಗುತ್ತದೆ. ಎ ಯ ರಿಯಾಕ್ಷನ್ ಬಿಂದುವಿನ ಎಡಕ್ಕಿದ್ದು ಮೇಲಕ್ಕೆ ಒತ್ತುತ್ತದೆ, ಹಾಗಾಗಿ ಪ್ರದಕ್ಷಿಣ: 21 × 4 = 84. ಸಿ ಯ ಭಾರ ಬಲಕ್ಕಿದ್ದು ಕೆಳಕ್ಕೆ ಒತ್ತುತ್ತದೆ, ಅದೂ ಪ್ರದಕ್ಷಿಣ: 18 × 4 = 72. ಬಲಯುಗ್ಮ 30. ಪ್ರದಕ್ಷಿಣದ ಮೊತ್ತ 186. ಅಪ್ರದಕ್ಷಿಣದ ಕಡೆ ಎಡಕ್ಕಿರುವ ಯುಡಿಎಲ್ 48 × 2 = 96, ಬಲಕ್ಕಿರುವ ಬಿ ಯ ರಿಯಾಕ್ಷನ್ 45 × 2 = 90; ಒಟ್ಟು 186. ಎರಡೂ ಸಮ. ಈಗ ತಾಳೆ ಎನ್ನಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಪಠ್ಯಪುಸ್ತಕಗಳು ಇದನ್ನು ಸಾಮಾನ್ಯವಾಗಿ ಹೇಳದೆ ದಾಟುತ್ತವೆ. ಮೂರನೆಯ ಬಿಂದುವಿನ ಸುತ್ತಲಿನ ಸಮೀಕರಣ ಗಣಿತದ ಲೆಕ್ಕದಲ್ಲಿ ಹೊಸ ಸಮೀಕರಣವಲ್ಲ. ಬಿಂದುವನ್ನು ಎ ಇಂದ ಒಂದಿಷ್ಟು ದೂರ ಸರಿಸಿದರೆ ಒಟ್ಟು ಮೊಮೆಂಟ್ ಬದಲಾಗುವುದು ಲಂಬ ಬಲಗಳ ಒಟ್ಟು ಉಳಿಕೆಯನ್ನು ಆ ದೂರದಿಂದ ಗುಣಿಸಿದಷ್ಟು ಮಾತ್ರ. ಬಲಗಳ ಉಳಿಕೆ ಸೊನ್ನೆಯಾಗಿದ್ದರೆ ಬಿಂದುವನ್ನು ಎಲ್ಲಿಗೆ ಒಯ್ದರೂ ಮೊಮೆಂಟಿನ ಉಳಿಕೆ ಅಷ್ಟೇ ಇರುತ್ತದೆ. ಎ ಸುತ್ತ ನಿಜವಾಗಿಯೂ ಸೊನ್ನೆಯಾದದ್ದು 4 ಮೀಟರ್ ಬಿಂದುವಿನ ಸುತ್ತಲೂ ಸೊನ್ನೆಯಾಗಲೇಬೇಕು. ಹಾಗಿದ್ದರೆ ಈ ತಾಳೆಯಿಂದ ಬಂದ ಲಾಭವೇನು? ಲಾಭ ಇರುವುದು ಅಂಕಗಣಿತದಲ್ಲಿ. ಸಮೀಕರಣ ಹಳೆಯದಾದರೂ ದೂರಗಳು ಬೇರೆ, ದಿಕ್ಕುಗಳು ಬೇರೆ, ಗುಣಾಕಾರಗಳು ಬೇರೆ. ಮೊದಲ ಲೆಕ್ಕದಲ್ಲಿ ದೂರವೊಂದನ್ನು ತಪ್ಪಾಗಿ ಓದಿದ್ದರೆ ಅದೇ ತಪ್ಪು ಇಲ್ಲಿ ಅದೇ ರೂಪದಲ್ಲಿ ಮರುಕಳಿಸುವ ಸಂಭವ ಕಡಿಮೆ. ಹಾಗಾಗಿಯೇ ದೂರಗಳನ್ನು ಚಿತ್ರದಿಂದ ಹೊಸದಾಗಿ ಓದಬೇಕು ಎಂಬ ಷರತ್ತು. ಯುಡಿಎಲ್‌ನ ದೂರವನ್ನು ಮೊದಲ ಸಾಲಿನಲ್ಲಿದ್ದ ಅಂಕಿಯಿಂದ ಕಳೆದು ತೆಗೆದರೆ, ಅಲ್ಲಿನ ತಪ್ಪು ಇಲ್ಲಿಗೂ ಇಳಿದು, ಎರಡು ತಪ್ಪುಗಳು ಪರಸ್ಪರ ಸಾಕ್ಷಿ ಹೇಳುತ್ತವೆ.

ತಾಳೆ ಬೀಳದೆ ಹೋದಾಗ ಉಳಿಯುವ ವ್ಯತ್ಯಾಸಕ್ಕೆ ಬಹಳ ಮಂದಿ ಬೆಲೆ ಕೊಡುವುದಿಲ್ಲ. ತಪ್ಪಾಗಿದೆ ಎಂದು ತಿಳಿದೊಡನೆ ಇಡೀ ಲೆಕ್ಕವನ್ನು ಮೊದಲಿನಿಂದ ಮಾಡತೊಡಗುತ್ತಾರೆ. ಆದರೆ ಆ ಉಳಿಕೆಯೇ ತಪ್ಪು ಎಲ್ಲಿದೆ ಎಂದು ಬಹುಮಟ್ಟಿಗೆ ಹೇಳಿಬಿಡುತ್ತದೆ. ತಪ್ಪು ಕೂಡ ಒಂದು ಬಲವೇ: ಇರಬಾರದ ಕಡೆ ಇಟ್ಟ, ಇಲ್ಲವೇ ಇರಬೇಕಾದ ಕಡೆ ಬಿಟ್ಟ ಬಲ. ಫ್ರಾನ್ಸಿನ ಪಿಯರ್ ವರಿನ್ಯೋನ್‌ನ ಹೆಸರಿನಲ್ಲಿರುವ ಪ್ರಮೇಯದಂತೆ, ಹಲವು ಬಲಗಳ ಮೊಮೆಂಟುಗಳ ಮೊತ್ತ ಅವುಗಳ ಒಟ್ಟು ಬಲದ ಮೊಮೆಂಟಿಗೆ ಸಮ. ತಪ್ಪಿನಿಂದ ಹುಟ್ಟಿದ ಬಲಕ್ಕೂ ಇದೇ ನಿಯಮ. ಆದ್ದರಿಂದ ಬಲದ ಉಳಿಕೆ, ಮೊಮೆಂಟಿನ ಉಳಿಕೆ ಎರಡೂ ಕೈಯಲ್ಲಿದ್ದರೆ ತಪ್ಪಿನ ಗಾತ್ರವೂ ಸಿಗುತ್ತದೆ, ಜಾಗವೂ ಸಿಗುತ್ತದೆ.

ಉದಾಹರಣೆಗೆ, ಯುಡಿಎಲ್ 4 ಮೀಟರಿಗೆ ಮಾತ್ರ ಇದೆ ಎಂಬುದನ್ನು ಗಮನಿಸದೆ ಎ ಇಂದ ಬಿ ವರೆಗಿನ 6 ಮೀಟರಿಗೂ ಹಿಡಿದರು ಎನ್ನೋಣ. ಭಾರ 72 ಆಗುತ್ತದೆ, ದೂರ 3 ಆಗುತ್ತದೆ. ಎ ಸುತ್ತ 216 + 144 + 30 = 390; ಬಿ ಯ ರಿಯಾಕ್ಷನ್ 65, ಎ ಯದು 90 − 65 = 25. ಲೆಕ್ಕ ಮಾಡಿದವರು ತಮ್ಮದೇ 72ನ್ನು ಇಟ್ಟುಕೊಂಡು ತಾಳೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಚಿತ್ರಕ್ಕೆ ಮರಳಿ ಭಾರವನ್ನು ಹೊಸದಾಗಿ ಕೂಡಿದಾಗ ಮಾತ್ರ ಕೆಳಕ್ಕೆ 66, ಮೇಲಕ್ಕೆ 90, ಉಳಿಕೆ 24 ಎಂದು ಗೊತ್ತಾಗುತ್ತದೆ. 24 ಎಂದರೆ 12ರ ಎರಡು ಪಟ್ಟು, ಅಂದರೆ ಎರಡು ಮೀಟರಿನ ಭಾರ ಹೆಚ್ಚಾಗಿದೆ. ಎಲ್ಲಿಯ ಎರಡು ಮೀಟರ್? ಎ ಸುತ್ತ ನಿಜವಾದ ಭಾರಗಳ ಮೊಮೆಂಟ್ 270, ತಪ್ಪು ರಿಯಾಕ್ಷನ್‌ನದು 65 × 6 = 390, ಉಳಿಕೆ 120. ಅದನ್ನು 24ರಿಂದ ಭಾಗಿಸಿದರೆ 5. ತಪ್ಪು ಭಾರ ಎ ಇಂದ 5 ಮೀಟರ್ ದೂರದಲ್ಲಿ ಕೂತಿದೆ: 4ರಿಂದ 6 ಮೀಟರ್‌ವರೆಗಿನ, ಇಲ್ಲದ ಭಾರದ ಸರಿಯಾದ ನಡುಬಿಂದು ಅದು. ಇದನ್ನೇ 4 ಮೀಟರ್ ಬಿಂದುವಿನ ಸುತ್ತ ನೋಡಿದರೆ ಪ್ರದಕ್ಷಿಣದ ಕಡೆ 25 × 4 = 100, 72, 30 ಸೇರಿ 202; ಅಪ್ರದಕ್ಷಿಣದ ಕಡೆ 96, 65 × 2 = 130 ಸೇರಿ 226. ಉಳಿಕೆ 24, ಅಂದರೆ 24ರ ಬಲ 1 ಮೀಟರ್ ದೂರದಲ್ಲಿ. ಅದೇ ಜಾಗ. ಬಲದ ಉಳಿಕೆ ಸೊನ್ನೆಯಲ್ಲದಿದ್ದಾಗ ಮೊಮೆಂಟಿನ ಉಳಿಕೆ ಬಿಂದುವಿನಿಂದ ಬಿಂದುವಿಗೆ ಬದಲಾಗುತ್ತದೆ, ಆದರೆ ಎಲ್ಲವೂ ಒಂದೇ ಜಾಗದತ್ತ ಬೆರಳು ಮಾಡುತ್ತವೆ.

ಇದಕ್ಕಿಂತ ಕಷ್ಟದ ತಪ್ಪುಗಳೆಂದರೆ ಬಲದ ಉಳಿಕೆಯನ್ನು ಸೊನ್ನೆಯಾಗಿಯೇ ಬಿಟ್ಟು ಮೊಮೆಂಟನ್ನು ಮಾತ್ರ ಕೆಡಿಸುವವು. ಎರಡು ರಿಯಾಕ್ಷನ್‌ಗಳನ್ನು ಅದಲುಬದಲು ಬರೆಯುವುದು ಇವುಗಳಲ್ಲಿ ಸರಳವಾದದ್ದು. ಎ ಗೆ 45, ಬಿ ಗೆ 21 ಎಂದು ಬರೆದರೂ ಮೊತ್ತ 66. ಮೊಮೆಂಟಿನಲ್ಲಿ ಮಾತ್ರ 4 ಮೀಟರ್ ಬಿಂದುವಿನ ಸುತ್ತ ಪ್ರದಕ್ಷಿಣ 282, ಅಪ್ರದಕ್ಷಿಣ 138, ಉಳಿಕೆ 144. ಎ ಸುತ್ತ ನೋಡಿದರೂ 270 ಮತ್ತು 126, ಉಳಿಕೆ ಅದೇ 144. ರಿಯಾಕ್ಷನ್‌ಗಳ ನಡುವಿನ ವ್ಯತ್ಯಾಸ 24, ಆಧಾರಗಳ ನಡುವಿನ ದೂರ 6, ಗುಣಿಸಿದರೆ 144. ದೂರವನ್ನು ತಪ್ಪು ಓದುವುದೂ ಇದೇ ಜಾತಿಯದು. ಯುಡಿಎಲ್‌ನ 48ನ್ನು 2 ಮೀಟರ್‌ನಲ್ಲಿ ಇಡುವ ಬದಲು ಅದು ಮುಗಿಯುವ 4 ಮೀಟರ್‌ನಲ್ಲಿ ಇಟ್ಟರೆ ಬಿ ಗೆ 61, ಎ ಗೆ 5 ಬರುತ್ತದೆ. ಮೊದಲು ಹೇಳಿದ ಟೊಳ್ಳು ತಾಳೆಯ ಅಂಕಿಗಳು ಇವೇ. ಮೊಮೆಂಟಿನ ತಾಳೆಯಲ್ಲಿ 122ಕ್ಕೆ ಎದುರಾಗಿ 218 ಬಂದು 96 ಉಳಿಯುತ್ತದೆ. ಭಾರಗಳನ್ನು ಒಂದೊಂದಾಗಿ ಹಿಡಿದು ಈ 96ನ್ನು ಭಾಗಿಸಿ ನೋಡಬೇಕು: 48ರಿಂದ ಭಾಗಿಸಿದರೆ ಸರಿಯಾಗಿ 2 ಮೀಟರ್, 18ರಿಂದ ಭಾಗಿಸಿದರೆ 5.33, ಚಿತ್ರದಲ್ಲಿ ಎಲ್ಲೂ ಇಲ್ಲದ ಅಳತೆ. ಸಂಶಯ ಯಾರ ಮೇಲೆ ಹೋಗಬೇಕೆಂಬುದು ಅಲ್ಲಿಗೇ ತೀರ್ಮಾನ. ಎರಡು ಭಾರಗಳಿಗೂ ಚಿತ್ರದ ಅಳತೆಗಳು ಹೊಂದಿಬಿಡುವ ಸಂದರ್ಭಗಳು ಇಲ್ಲದಿಲ್ಲ. ಆಗ ಎರಡನ್ನೂ ತಿರುಗಿ ನೋಡಬೇಕಾಗುತ್ತದೆ.

ಅತಿ ಹೆಚ್ಚು ಮೋಸಹೋಗುವುದು ಬಲಯುಗ್ಮದ ದಿಕ್ಕಿನಲ್ಲಿ. ಇಲ್ಲಿ ಶಿಸ್ತಿನಿಂದ ಕೆಲಸ ಮಾಡುವವರೂ ಎಡವುತ್ತಾರೆ. ಟೊಳ್ಳು ತಾಳೆಯನ್ನು ತಪ್ಪಿಸಲು ಒಳ್ಳೆಯ ಅಧ್ಯಾಪಕರು ಹೇಳಿಕೊಡುವ ಕ್ರಮವೊಂದಿದೆ: ಬಿ ಯ ರಿಯಾಕ್ಷನ್ ಅನ್ನು ಎ ಸುತ್ತಲಿನ ಮೊಮೆಂಟಿನಿಂದ, ಎ ಯದನ್ನು ಬಿ ಸುತ್ತಲಿನ ಮೊಮೆಂಟಿನಿಂದ ಬೇರೆ ಬೇರೆಯಾಗಿ ತೆಗೆಯಬೇಕು, ಲಂಬ ಬಲಗಳ ಮೊತ್ತವನ್ನು ತಾಳೆಗೆಂದೇ ಮುಟ್ಟದೆ ಉಳಿಸಿಕೊಳ್ಳಬೇಕು. ಕ್ರಮ ಒಳ್ಳೆಯದೇ. ಆದರೆ 30ರ ಬಲಯುಗ್ಮವನ್ನು ಅಪ್ರದಕ್ಷಿಣ ಎಂದು ತಪ್ಪಾಗಿ ಓದಿದವರಿಗೆ ಏನಾಗುತ್ತದೆ? ಎ ಸುತ್ತ 96 + 144 − 30 = 210, ಬಿ ಯ ರಿಯಾಕ್ಷನ್ 35. ಬಿ ಸುತ್ತ ಯುಡಿಎಲ್‌ನ 192ರಲ್ಲಿ ಸಿ ಭಾರದ 36 ಕಳೆದು, ಬಲಯುಗ್ಮದ 30 ಕೂಡಿದರೆ 186. ಎ ಯ ರಿಯಾಕ್ಷನ್ 31. ಎರಡನ್ನೂ ಕೂಡಿದರೆ 66. ಎರಡು ಬೇರೆ ಬೇರೆ ಲೆಕ್ಕಗಳಿಂದ ಬಂದ ಅಂಕಿಗಳು ಕೂಡಿಕೆಯಲ್ಲಿ ಚೂರೂ ವ್ಯತ್ಯಾಸವಿಲ್ಲದೆ ಹೊಂದಿದ್ದರಿಂದ ಉತ್ತರದ ಮೇಲೆ ನಂಬಿಕೆ ಗಟ್ಟಿಯಾಗುತ್ತದೆ. ಎರಡೂ ಉತ್ತರಗಳು 10 ಕಿಲೋನ್ಯೂಟನ್‌ನಷ್ಟು ತಪ್ಪಾಗಿವೆ: ಒಂದು ಹೆಚ್ಚು, ಒಂದು ಕಡಿಮೆ.

ಬಲಯುಗ್ಮದ ಕಲ್ಪನೆಯನ್ನು 1803ರ ತನ್ನ ಸ್ಥಿತಿಶಾಸ್ತ್ರದ ಪುಸ್ತಕದಲ್ಲಿ ಬೆಳೆಸಿದವನು ಲೂಯಿ ಪ್ವಾನ್ಸೋ. ಸಮವಾದ, ವಿರುದ್ಧ ದಿಕ್ಕಿನ, ಬೇರೆ ಬೇರೆ ರೇಖೆಯಲ್ಲಿರುವ ಎರಡು ಬಲಗಳು ಸೇರಿದರೆ ಒಟ್ಟು ಬಲ ಸೊನ್ನೆ, ಆದರೆ ತಿರುಚು ಉಳಿಯುತ್ತದೆ. ಆ ತಿರುಚು ಯಾವ ಬಿಂದುವಿನಿಂದ ನೋಡಿದರೂ ಒಂದೇ. ಮೇಲಿನ ಮೂರು ತಪ್ಪುಗಳೂ ಈ ಜಾತಿಯವು. ರಿಯಾಕ್ಷನ್ ಅದಲುಬದಲಾದರೆ 24 × 6ರ ಯುಗ್ಮ, ಭಾರ ಸರಿದರೆ 48 × 2ರ ಯುಗ್ಮ, ದಿಕ್ಕು ತಿರುಗಿದರೆ 30ರ ಎರಡರಷ್ಟರ ಯುಗ್ಮ. ಲಂಬ ಬಲಗಳ ಮೊತ್ತಕ್ಕೆ ಯುಗ್ಮ ಕಾಣುವುದೇ ಇಲ್ಲ. ದಿಕ್ಕು ತಪ್ಪಿದ ಉತ್ತರವನ್ನು 4 ಮೀಟರ್ ಬಿಂದುವಿನ ಸುತ್ತ, ಬಲಯುಗ್ಮವನ್ನು ಚಿತ್ರದಿಂದ ಮತ್ತೆ ಓದಿ ಪರೀಕ್ಷಿಸಿದರೆ ಪ್ರದಕ್ಷಿಣ 124 + 72 + 30 = 226, ಅಪ್ರದಕ್ಷಿಣ 96 + 70 = 166, ಉಳಿಕೆ 60. ಉಳಿಕೆ ಬಲಯುಗ್ಮದ ಎರಡರಷ್ಟಿದ್ದರೆ ದಿಕ್ಕು ತಿರುಗಿದೆ ಎಂದು ಸಂಶಯಿಸಬೇಕು. ಅಷ್ಟೇ ಇದ್ದರೆ, ಅಂದರೆ 30 ಇದ್ದರೆ, ಬಲಯುಗ್ಮವನ್ನು ಸೇರಿಸುವುದೇ ಮರೆತಿರಬೇಕು.

ಈ ತಾಳೆಯನ್ನು ಬೇರೊಂದು ರೂಪದಲ್ಲಿ ಕೆಲವರು ತಮಗರಿವಿಲ್ಲದೆಯೇ ಮಾಡುತ್ತಿರುತ್ತಾರೆ. ಬೆಂಡಿಂಗ್ ಮೊಮೆಂಟಿನ ಚಿತ್ರವನ್ನು ಎಡದಿಂದ ಬಲಕ್ಕೆ ಬರೆಯುತ್ತ ಹೋದಾಗ ಬಿಡಿಯಾದ ತುದಿಯಲ್ಲಿ ಅದು ಸೊನ್ನೆಗೆ ಬಂದು ಮುಚ್ಚಿಕೊಳ್ಳಬೇಕು. ಸರಿಯಾದ ಅಂಕಿಗಳಲ್ಲಿ ಶಿಯರ್ ಎ ಯ ಬಳಿ 21ರಿಂದ ಹೊರಟು 4 ಮೀಟರ್‌ನಲ್ಲಿ −27ಕ್ಕೆ ಇಳಿದು, ಬಿ ಯಲ್ಲಿ 45 ಏರಿ 18 ಆಗಿ, ಸಿ ಯಲ್ಲಿ ಸೊನ್ನೆ ಮುಟ್ಟುತ್ತದೆ. ಮೊಮೆಂಟ್ 4 ಮೀಟರ್‌ನಲ್ಲಿ −12, 5 ಮೀಟರ್‌ನ ಎಡಪಕ್ಕದಲ್ಲಿ −39, ಬಲಯುಗ್ಮ ದಾಟಿದೊಡನೆ −9, ಬಿ ಯಲ್ಲಿ −36, ಸಿ ಯಲ್ಲಿ ಸೊನ್ನೆ. ಬಿ ಯಲ್ಲಿ ಬಂದ −36 ಅನ್ನು ಬಲಗಡೆಯಿಂದ ನೋಡಿದರೂ 18 × 2 = 36. ದಿಕ್ಕು ತಪ್ಪಿ ಬಂದ 31 ಮತ್ತು 35ನ್ನು ಇಟ್ಟುಕೊಂಡು, ಚಿತ್ರ ಬರೆಯುವಾಗ ಮಾತ್ರ ಬಲಯುಗ್ಮವನ್ನು ಸರಿಯಾಗಿ ಹಾಕಿದರೆ ಶಿಯರ್ ಸೊನ್ನೆಯಲ್ಲೇ ಮುಗಿಯುತ್ತದೆ, ಆದರೆ ಮೊಮೆಂಟ್ ಸಿ ತುದಿಯಲ್ಲಿ 60ರ ಎತ್ತರದಲ್ಲಿ ನೇತಾಡುತ್ತದೆ. ಶಿಯರ್ ಮುಚ್ಚುವುದು ಲಂಬ ಬಲಗಳ ತಾಳೆ, ಮೊಮೆಂಟ್ ಮುಚ್ಚುವುದು ಸಿ ಸುತ್ತಲಿನ ಮೊಮೆಂಟಿನ ತಾಳೆ. ಪರೀಕ್ಷೆಯಲ್ಲಿ ಮುಚ್ಚದ ಚಿತ್ರವನ್ನು ಪೆನ್ಸಿಲಿನಿಂದ ಸೊನ್ನೆಗೆ ಎಳೆದು ಮುಗಿಸುವ ವಿದ್ಯಾರ್ಥಿ, ಕೈಗೆ ಸಿಕ್ಕ ಸುಳಿವನ್ನು ತಾನೇ ಅಳಿಸಿಕೊಂಡಂತೆ.

ಅಂಕಿಗಳು ಯಾವಾಗಲೂ ಇಷ್ಟು ದುಂಡಗೆ ಬರುವುದಿಲ್ಲ. ಬಲಯುಗ್ಮ 30ರ ಬದಲು 20 ಆಗಿದ್ದರೆ ಬಿ ಗೆ 260 ÷ 6 = 43.33, ಎ ಗೆ 22.67. ತಾಳೆಯಲ್ಲಿ ಪ್ರದಕ್ಷಿಣ 90.68 + 72 + 20 = 182.68, ಅಪ್ರದಕ್ಷಿಣ 96 + 86.66 = 182.66. ಉಳಿದ 0.02 ತಪ್ಪೇ, ಅಲ್ಲವೇ? ಇದನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ಎರಡು ದಶಮಾಂಶಕ್ಕೆ ರೌಂಡ್ ಮಾಡಿದ ಅಂಕಿಯಲ್ಲಿ ಹೆಚ್ಚೆಂದರೆ 0.005 ವ್ಯತ್ಯಾಸವಿರಬಹುದು. ಎ ಯ ದೂರ 4, ಬಿ ಯ ದೂರ 2. ಆದ್ದರಿಂದ ಮೊಮೆಂಟಿನಲ್ಲಿ ಗರಿಷ್ಠ 0.005 × 6 = 0.03 ತಪ್ಪಬಹುದು. 0.02 ಅದರೊಳಗಿದೆ. 0.2 ಬಂದಿದ್ದರೆ ಕ್ಷಮಿಸುವಂತಿರಲಿಲ್ಲ. ಒಂದೇ ದಶಮಾಂಶಕ್ಕೆ ರೌಂಡ್ ಮಾಡಿದ್ದರೆ ಮಿತಿ 0.3ಕ್ಕೆ ಏರುತ್ತದೆ, ಆಗ ಆ 0.2 ಸಹಜ. ದೂರದ ಬಿಂದುವನ್ನು ಆರಿಸಿಕೊಂಡಷ್ಟೂ ಈ ಮಿತಿ ಹಿಗ್ಗುತ್ತದೆ ಎಂಬುದನ್ನೂ ನೆನಪಿಡಬೇಕು.

ಒಂದು ತುದಿ ಗೋಡೆಯಲ್ಲಿ ಹುದುಗಿದ ಕ್ಯಾಂಟಿಲಿವರಿನಲ್ಲಿ ರಿಯಾಕ್ಷನ್ ಬರಿಯ ಬಲವಲ್ಲ; ಹಿಡಿತದ ಮೊಮೆಂಟೂ ಅದರ ಭಾಗ. 3 ಮೀಟರ್ ಚಾಚಿದ ತುದಿಯಲ್ಲಿ 10 ಕಿಲೋನ್ಯೂಟನ್ ಇದ್ದರೆ ಗೋಡೆ 10ರ ಬಲವನ್ನೂ 30ರ ಮೊಮೆಂಟನ್ನೂ ಕೊಡಬೇಕು. ತಾಳೆಯನ್ನು ಬಿಡಿ ತುದಿಯ ಸುತ್ತ ನೋಡುವುದು ಅನುಕೂಲ: ಅಲ್ಲಿ ಭಾರಕ್ಕೆ ದೂರವಿಲ್ಲ, ಗೋಡೆಯ ಬಲದ 10 × 3 ಒಂದು ದಿಕ್ಕಿಗೆ, ಹಿಡಿತದ 30 ಎದುರು ದಿಕ್ಕಿಗೆ. ಹಿಡಿತದ ಮೊಮೆಂಟನ್ನು ಬರೆಯಲು ಮರೆತವರಿಗೆ ಲಂಬ ಬಲಗಳ ತಾಳೆ ಇಲ್ಲಿಯೂ ಏನನ್ನೂ ಹೇಳುವುದಿಲ್ಲ.

ಇಲ್ಲಿಯವರೆಗಿನದು ಲೆಕ್ಕದ ತಪ್ಪುಗಳು. ಲೆಕ್ಕಕ್ಕೇ ಬಾರದ ಸಂಗತಿಗಳನ್ನು ಈ ತಾಳೆ ಹಿಡಿಯಲಾರದು. 230 ಮಿಲಿಮೀಟರ್ ಅಗಲ, 450 ಮಿಲಿಮೀಟರ್ ಆಳದ ಆರ್‌ಸಿಸಿ ಬೀಮು ಎಂದಾದರೆ, ಘನಮೀಟರಿಗೆ 25 ಕಿಲೋನ್ಯೂಟನ್‌ನಂತೆ ಅದರ ಸ್ವಂತ ತೂಕ ಮೀಟರಿಗೆ ಸುಮಾರು 2.6 ಕಿಲೋನ್ಯೂಟನ್. 8 ಮೀಟರಿಗೆ ಅದು ಸುಮಾರು 20.7, ಮೇಲಿನ 66ರ ಮೂರನೆಯ ಒಂದು ಪಾಲಿಗೆ ಹತ್ತಿರ. ಇದನ್ನು ಬಿಟ್ಟು ಮಾಡಿದ ಲೆಕ್ಕವೂ ಬಲದಲ್ಲೂ ಮೊಮೆಂಟಿನಲ್ಲೂ ಚಾಚೂ ತಪ್ಪದೆ ಸಮನಾಗುತ್ತದೆ. ಕಂಪ್ಯೂಟರ್ ಪ್ರೋಗ್ರಾಮುಗಳ ತಾಳೆಗೂ ಇದೇ ಮಿತಿ. ಸ್ಟಾಡ್‌ನಲ್ಲಿ `PERFORM ANALYSIS PRINT STATICS CHECK` ಎಂದು ಕೊಟ್ಟರೆ ಹೇರಿದ ಭಾರಗಳ ಮೊತ್ತವನ್ನೂ ರಿಯಾಕ್ಷನ್‌ಗಳ ಮೊತ್ತವನ್ನೂ ಅಕ್ಕಪಕ್ಕ ಮುದ್ರಿಸುತ್ತದೆ. ಎರಡೂ ಹೊಂದಿದವೇ ಎಂದು ನೋಡಿ ಪುಟ ತಿರುಗಿಸುವವರಿದ್ದಾರೆ. ನೋಡಬೇಕಾದದ್ದು ಹೇರಿದ ಭಾರದ ಮೊತ್ತ ಕೈಯಲ್ಲಿ ಕೂಡಿದ ಮೊತ್ತಕ್ಕೆ ಹೊಂದುತ್ತದೆಯೇ ಎಂಬುದನ್ನು. ಪ್ರೋಗ್ರಾಮಿಗೆ ಕೊಡದ ಭಾರ ಅದರ ಎರಡು ಅಂಕಣಗಳಲ್ಲೂ ಇರುವುದಿಲ್ಲ.

ಚಿಹ್ನೆ ಕೂಡ ಗಮನಿಸುವಂಥದ್ದು. ಇದೇ ಬೀಮಿನಿಂದ ಯುಡಿಎಲ್ ತೆಗೆದುಹಾಕಿದರೆ ಬಿ ಗೆ (144 + 30) ÷ 6 = 29, ಎ ಗೆ 18 − 29 = −11. ತಾಳೆ ಬೀಳುತ್ತದೆ: ಬಲಗಳ ಮೊತ್ತ 18, ಮತ್ತು 4 ಮೀಟರ್ ಬಿಂದುವಿನ ಸುತ್ತ −44 + 72 + 30 = 58 ಒಂದು ಕಡೆ, 29 × 2 = 58 ಇನ್ನೊಂದು ಕಡೆ. ಆದರೆ −11 ಎಂದರೆ ಎ ಆಧಾರ ಬೀಮನ್ನು ಕೆಳಕ್ಕೆ ಎಳೆದು ಹಿಡಿಯಬೇಕು. ಬೋಲ್ಟು ಹಾಕಿ ಬಿಗಿದ ಪಿನ್ ಅದನ್ನು ಮಾಡೀತು. ಬೀಮು ಗೋಡೆಯ ಮೇಲೆ ಸುಮ್ಮನೆ ಕೂತಿದ್ದರೆ, ಗೋಡೆಗೆ ಎಳೆಯುವ ಶಕ್ತಿಯಿಲ್ಲ. ಬೀಮಿನ ತೂಕವೋ ಮೇಲಿನ ಗೋಡೆಯ ಭಾರವೋ ತಡೆಯದಿದ್ದರೆ ಎಡತುದಿ ಏಳುತ್ತದೆ. ಕಿಟಕಿಯ ಮೇಲಿನ ಸಜ್ಜಕ್ಕೆ, ಹಿಂದಿನ ಗೋಡೆ ಏರುವ ಮೊದಲೇ ಕೆಳಗಿನ ಆಸರೆ ಬಿಚ್ಚಿದರೆ ಅಪಾಯ ಬರುವುದು ಹೀಗೆಯೇ. ಭಾರತೀಯ ಮಾನಕ ಐಎಸ್ 456ರ 2000ದ ಆವೃತ್ತಿ, ಮಗುಚಿ ಬೀಳದಂತೆ ತಡೆಯುವ ಲೆಕ್ಕದಲ್ಲಿ ಬರಿಯ ಸಮತೋಲವನ್ನು ಒಪ್ಪುವುದಿಲ್ಲ. ಮಗುಚುವ ಮೊಮೆಂಟಿನಲ್ಲಿ ಸ್ಥಿರಭಾರದ ಪಾಲನ್ನು 1.2ರಿಂದ, ಮೇಲೆ ಬೀಳುವ ಭಾರದ ಪಾಲನ್ನು 1.4ರಿಂದ ಹಿಗ್ಗಿಸಬೇಕು, ತಡೆಯುವ ಕಡೆ ಸ್ಥಿರಭಾರವಿದ್ದರೆ ಅದರ 0.9 ಪಾಲನ್ನು ಮಾತ್ರ ಎಣಿಸಬೇಕು.

ಕೊನೆಯ ಮಿತಿ ಆಧಾರಗಳ ಸಂಖ್ಯೆಯದು. ಎರಡು ಸಮತೋಲ ನಿಯಮಗಳಿಂದ ಎರಡು ಅಜ್ಞಾತಗಳು ಸಿಗುತ್ತವೆ. ಆಧಾರ ಮೂರಾದರೆ ಸಮತೋಲವನ್ನು ಪಾಲಿಸುವ ಉತ್ತರಗಳು ಒಂದಲ್ಲ, ಲೆಕ್ಕವಿಲ್ಲದಷ್ಟು. 4 ಮೀಟರ್‌ನ ಎರಡು ಅಂಕಣಗಳ ಮೇಲೆ ಒಂದೇ ತುಂಡಾಗಿ ಹಾದುಹೋಗುವ, ಉದ್ದಕ್ಕೂ ಮೀಟರಿಗೆ 12 ಕಿಲೋನ್ಯೂಟನ್ ಹೊತ್ತ ಬೀಮನ್ನು ತೆಗೆದುಕೊಂಡರೆ ಒಟ್ಟು ಭಾರ 96. ಪ್ರತಿ ಅಂಕಣವನ್ನೂ ಬಿಡಿ ಬೀಮಿನಂತೆ ಹಿಡಿದು ಒಂದು ಅಂಚಿಗೆ 24, ನಡುವಿಗೆ 48, ಮತ್ತೊಂದು ಅಂಚಿಗೆ 24 ಎಂದು ಹಂಚಿದರೆ ಮೊತ್ತ 96. ಎರಡೂ ಬದಿ ಒಂದೇ ಥರ ಇರುವುದರಿಂದ ಮೊಮೆಂಟೂ ಸಮ. ಆದರೂ ಉತ್ತರ ತಪ್ಪು. ಸರಿಯಾದದ್ದು 18, 60, 18. ಇದರ ಮೊತ್ತವೂ 96. ನಡುವಿನ ಕಾಲಮ್ಮಿಗೆ ಬೀಳುವುದು ಮೊದಲ ಹಂಚಿಕೆ ಹೇಳಿದ್ದಕ್ಕಿಂತ ಕಾಲುಭಾಗ ಹೆಚ್ಚು.

ಇವೆರಡನ್ನು ಬೇರ್ಪಡಿಸಲು ಬಲಗಳ ಲೆಕ್ಕ ಸಾಲದು, ಬೀಮಿನ ಬಾಗನ್ನು ನೋಡಬೇಕು. ನಡುವಿನ ಆಧಾರ ತೆಗೆದರೆ 8 ಮೀಟರ್ ಉದ್ದದ ಬೀಮು ನಡುವಿನಲ್ಲಿ ಬಾಗುವುದು $5wL^4/384EI$. ಅಲ್ಲಿ ಆಧಾರ ಮೇಲಕ್ಕೆ ಒತ್ತಿದಾಗ ಏರುವುದು $RL^3/48EI$. ಆಧಾರ ಕುಸಿಯದೆ ನಿಂತಿದ್ದರೆ ಎರಡೂ ಸಮ, ಅಂದರೆ $R = 5wL/8$; w ಗೆ 12, L ಗೆ 8 ಹಾಕಿದರೆ 60. ಉತ್ತರವನ್ನು 48 ಎಂದು ಹಿಡಿದರೆ ಬೀಮು ನಡುವಿನ ಆಧಾರದೊಳಕ್ಕೆ ಇಳಿದಿರಬೇಕಾಗುತ್ತದೆ, ಬಿಡಿ ಬಾಗಿನ ಐದನೆಯ ಒಂದು ಪಾಲಿನಷ್ಟು. ಮೂರು ಆಧಾರಗಳ ಬೀಮಿನಲ್ಲಿ ಮೊದಲು ಬಲ ಮತ್ತು ಮೊಮೆಂಟಿನ ತಾಳೆ, ಅದು ಬಿದ್ದ ಮೇಲೆ ಆಧಾರದ ಬಳಿ ಬಾಗು ಸೊನ್ನೆಯೇ ಎಂಬ ತಾಳೆ. ಮೊದಲನೆಯದು ಬೀಳದಿದ್ದರೆ ಉತ್ತರ ಖಂಡಿತ ತಪ್ಪು. ಎರಡನೆಯದೂ ಬಿದ್ದರೆ, ಭಾರಗಳನ್ನೂ ಆಧಾರಗಳನ್ನೂ ಚಿತ್ರದಲ್ಲಿ ಸರಿಯಾಗಿ ಗುರುತಿಸಿದ ಮಟ್ಟಿಗೆ, ಅದು ಸರಿ.